ಹಾಳೆ ತಟ್ಟೆ ಮಾರಲು ಅಡುಗೆ ಗುತ್ತಿಗೆದಾರರಿಗೆ ಫೋನ್ ಮಾಡುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಅಡಿಕೆ ಹಾಳೆ ತಟ್ಟೆಯ ಸಣ್ಣ ಘಟಕ ಹಾಕಿದ್ದೇನೆ. ಶಿವಮೊಗ್ಗದ ಅಡುಗೆ ಗುತ್ತಿಗೆದಾರರಿಗೆ ಫೋನ್ ಮಾಡಿದರೆ ಎರಡೇ ಮಾತಿಗೆ ಇಟ್ಟುಬಿಡುತ್ತಾರೆ. ಏನು ಮಾತನಾಡಬೇಕು?

ನಾನು ಸಾಗರದ ಕಡೆ ಇದೇ ಕೆಲಸ ಮಾಡುತ್ತಿದ್ದೇನೆ. ಫೋನ್ ಎತ್ತಿಕೊಳ್ಳುವ ಮೊದಲು ಪಂಚಾಂಗ ತೆರೆಯಿರಿ. ಮದುವೆ ಮುಹೂರ್ತವಿರುವ ದಿನ ಮತ್ತು ಅದರ ಹಿಂದಿನ ದಿನ ಯಾವ ಅಡುಗೆಯವರಿಗೂ ಮಾತನಾಡಲು ಪುರುಸೊತ್ತಿರುವುದಿಲ್ಲ. ಮುಹೂರ್ತವಿಲ್ಲದ ದಿನ, ಮಧ್ಯಾಹ್ನ 3ರಿಂದ 5ರ ನಡುವೆ ಕರೆ ಮಾಡಿ.

ಆರಂಭ ಹೀಗಿರಲಿ: “ನಮಸ್ಕಾರ ಭಟ್ಟರೇ, ತೀರ್ಥಹಳ್ಳಿಯಿಂದ ಇಂಥವನು ಮಾತನಾಡುತ್ತಿದ್ದೇನೆ. ನಮಗೆ ಮೊದಲಿನ ಪರಿಚಯವಿಲ್ಲ. ಹಾಳೆ ತಟ್ಟೆ ಮಾಡುತ್ತೇನೆ, ಅದೇ ವಿಷಯಕ್ಕೆ ಕರೆದೆ. ಒಂದು ನಿಮಿಷ ಮಾತನಾಡಬಹುದೇ, ಸಂಜೆ ಮಾಡಲೇ?” ಪರಿಚಯವಿಲ್ಲ ಎಂದು ನೀವೇ ಹೇಳಿದರೆ “ಯಾರಪ್ಪಾ ಇವನು” ಎಂದು ಅವರು ತಡಕಾಡುವುದು ತಪ್ಪುತ್ತದೆ. ಒಪ್ಪಿದ ಕೂಡಲೇ ತಟ್ಟೆಯ ಗುಣಗಾನ ಶುರು ಮಾಡಬೇಡಿ, ಒಂದು ಪ್ರಶ್ನೆ ಕೇಳಿ. ಆದರೆ ಮಧ್ಯಾಹ್ನದ ಊಟದ ಬಗ್ಗೆ ಕೇಳಿದಿರೋ, “ನಮ್ಮದು ಬಾಳೆ ಎಲೆ” ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. “ಬೆಳಗಿನ ತಿಂಡಿಗೆ, ಸಂಜೆಯ ಆರತಕ್ಷತೆಗೆ ಯಾವ ತಟ್ಟೆ ಬಳಸುತ್ತೀರಿ?” ಎಂದು ಕೇಳಿ. ತಟ್ಟೆಗೆ ಜಾಗವಿರುವುದು ಅಲ್ಲಿ.

ಹೆಚ್ಚಾಗಿ ಬರುವ ಉತ್ತರ “ನಮಗೆ ಕೊಡುವವರು ಇದ್ದಾರೆ” ಎಂಬುದು. ಬಹಳ ಜನ ಸೋಲುವುದು ಇಲ್ಲಿಯೇ. “ನಮ್ಮದು ಅವರದ್ದಕ್ಕಿಂತ ಚೆನ್ನಾಗಿದೆ” ಎನ್ನಬೇಡಿ. ಆ ಕೊಡುವವರು ಅವರ ಭಾವನೋ ಷಡ್ಡಕನೋ ಆಗಿರಬಹುದು. ನಾನು ಹೇಳುವುದು ಇಷ್ಟು: “ಅವರನ್ನು ಬಿಡಿ ಎಂದು ಹೇಳುವುದಿಲ್ಲ. ಮಳೆಗಾಲದಲ್ಲಿ ಸರಕು ಸರಿಯಾಗಿ ಸಿಗುತ್ತದೆಯೇ?” ಕೇಳಿ ಸುಮ್ಮನಾಗಿ. ಮಳೆ ಹಿಡಿದ ಮೇಲೆ ಒಣ ಹಾಳೆ ಸಿಗುವುದು ಕಷ್ಟ, ಸರಿಯಾಗಿ ಆರದ ತಟ್ಟೆಯನ್ನು ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಬ್ಬರು ಹೀಗೆ ಎರಡು ಕ್ಷಣ ತಡೆದು, “ಕಳೆದ ಶ್ರಾವಣದಲ್ಲಿ ಒಂದು ಕಟ್ಟು ಬಿಚ್ಚಿದರೆ ಒಳಗೆಲ್ಲ ಬೂಷ್ಟು. ಅತಿಥಿಗಳೆದುರು ಮರ್ಯಾದೆ ಹೋಯಿತು” ಎಂದರು. ಆಗ ಹೇಳಿದೆ: “ಬೇಸಿಗೆಯ ಹಾಳೆಯನ್ನು ಅಟ್ಟದಲ್ಲಿ ಒಣಗಿಸಿಟ್ಟಿದ್ದೇನೆ. ಅವರಿಂದ ಬಾರದ ವಾರ ನನಗೆ ಹೇಳಿ.” ಎರಡನೆಯ ಸ್ಥಾನ ಕೇಳಿದ್ದಕ್ಕೆ ಅವರು ಒಪ್ಪಿದರು. ನಿಮ್ಮ ಅಟ್ಟದಲ್ಲಿ ದಾಸ್ತಾನು ನಿಜವಾಗಿ ಇದ್ದರೆ ಮಾತ್ರ ಈ ಮಾತು ಆಡಿ.

“ದರ ಎಷ್ಟು?” ಎಂದರೆ ಮುಚ್ಚಿಡಬೇಡಿ, “12 ಇಂಚಿನದ್ದೋ, ತಿಂಡಿಯ 8 ಇಂಚಿನದ್ದೋ?” ಎಂದು ಕೇಳಿ ಹೇಳಿಬಿಡಿ. ಕಾಗದದ ತಟ್ಟೆ ಅಗ್ಗ ಎಂದರೆ, ಬಿಸಿ ಸಾಂಬಾರು ಬಡಿಸುವಾಗ ಎರಡು ಜೋಡಿಸಿ ಕೊಡಬೇಕಾಗುತ್ತದೆಯೇ ಎಂದು ವಿಚಾರಿಸಿ. ಹೌದಾದರೆ ಲೆಕ್ಕ ಅವರೇ ಹಾಕುತ್ತಾರೆ. ಇಲ್ಲವಾದರೆ ದರ ಇಳಿಸುತ್ತಾ ಕೂರದೆ ಮುಂದಿನವರಿಗೆ ಕರೆ ಮಾಡಿ.

“ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಾಕಿ” ಎಂಬುದು ನಯವಾಗಿ ಫೋನ್ ಇಡುವ ದಾರಿ. ನಾನು ಮೊದಲ ವರ್ಷ ಫೋಟೊ ಕಳಿಸಿ, “ನೋಡಿ ಹೇಳಿ” ಎಂದು ಕಾದೆ. ಒಬ್ಬರೂ ಹೇಳಲಿಲ್ಲ. ಈಗ ಹೀಗೆ ಹೇಳುತ್ತೇನೆ: “ಕಳಿಸುತ್ತೇನೆ ಭಟ್ಟರೇ, ಆದರೆ ಫೋಟೊದಲ್ಲಿ ದಪ್ಪ ತಿಳಿಯುವುದಿಲ್ಲ. ಗುರುವಾರ ಶಿವಮೊಗ್ಗಕ್ಕೆ ಬರುತ್ತೇನೆ, 4 ಗಂಟೆಗೆ 20 ತಟ್ಟೆ ಕೊಟ್ಟು ಹೋಗುತ್ತೇನೆ. ಮನೆಗೆ ತರಲೇ, ಪಾತ್ರೆ ಇಡುವ ಗೋದಾಮಿಗೆ ತರಲೇ? ಬಿಸಿ ಸಾರು ಹಾಕಿ ಅರ್ಧ ಗಂಟೆ ಇಟ್ಟು ನೋಡಿ. ಶನಿವಾರ 3 ಗಂಟೆಗೆ ನಾನೇ ಕರೆಯುತ್ತೇನೆ. ಸೋರದಿದ್ದರೆ ಒಂದು ಆರತಕ್ಷತೆಗೆ 300 ತಟ್ಟೆ ತೆಗೆದುಕೊಳ್ಳುತ್ತೀರಾ?” ದಿನ, ಗಂಟೆ, ಜಾಗ, ಪರೀಕ್ಷೆ, ಮೊದಲ ಆರ್ಡರಿನ ಗಾತ್ರ ಎಲ್ಲವೂ ಒಂದೇ ಕರೆಯಲ್ಲಿ ನಿಗದಿಯಾಗಬೇಕು. ಕೊನೆಯ ಪ್ರಶ್ನೆಗೆ ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡಿದರೆ 20 ತಟ್ಟೆ ಉಳಿಸಿಕೊಳ್ಳಿ.

ಒಂದು ಎಚ್ಚರಿಕೆ. ಪ್ರಚಾರದ ಕರೆಗಳಿಗೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮಗಳಿವೆ, ಅವಕ್ಕೆಂದೇ 140 ಸರಣಿಯ ಸಂಖ್ಯೆಗಳಿವೆ. ಬೇಡದ ಕರೆಯ ಬಗ್ಗೆ ಜನ 1909ಕ್ಕೆ ದೂರು ಕೊಡಬಹುದು, ಅಂಥ ದೂರುಗಳಿಂದ ನಿಮ್ಮ ಸಂಪರ್ಕವೇ ಕಡಿತವಾಗಬಹುದು. ಎಲ್ಲಿಂದಲೋ ಕೊಂಡ ಪಟ್ಟಿ ಹಿಡಿದು ಕೂರಬೇಡಿ. ಕಲ್ಯಾಣ ಮಂಟಪದವರನ್ನೋ ಪಾತ್ರೆ ಬಾಡಿಗೆಯವರನ್ನೋ ಅಡುಗೆಯವರ ನಂಬರ್ ಕೇಳಿ, ನಂಬರ್ ಕೊಟ್ಟವರ ಹೆಸರು ಹೇಳಲು ಒಪ್ಪಿಗೆ ಪಡೆದು, ದಿನಕ್ಕೆ ನಾಲ್ಕೈದು ಜನರಿಗೆ ಮಾಡಿ. “ಇನ್ನು ಕರೆಯಬೇಡಿ” ಎಂದವರ ಹೆಸರನ್ನು ಪುಸ್ತಕದಲ್ಲಿ ಹೊಡೆದುಹಾಕಿ.

ಮಾದರಿಯ ಕಟ್ಟಿನ ಮೇಲೆ ಅಳತೆ, ದರ ಮತ್ತು ನಿಮ್ಮ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಶನಿವಾರ ನೀವು ಕರೆದಾಗ ಅದು ಅವರ ಕಣ್ಣೆದುರಿಗೆ ಇರಬೇಕು.