ಎರಡಕ್ಕೂ ಎರಡು ಪೊರೆ, ಮತ್ತೆ ಗುರುತಿಸೋದು ಹೇಗೆ?

ಪ್ರಶ್ನೆ: ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದೇನೆ. ಎಲೆ ಕೋಶದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರದಲ್ಲಿ ಮೈಟೊಕಾಂಡ್ರಿಯ ಯಾವುದು, ಕ್ಲೋರೋಪ್ಲಾಸ್ಟ್ ಯಾವುದು?

ಉತ್ತರ: ಹೊರಗಿನ ಆಕಾರ ಬಿಡಿ, ಒಳಗೆ ನೋಡಿ. ನಮ್ಮ ಅಡಿಕೆ ಹಾಳೆತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಪಕ್ಕದಿಂದ ನೋಡಿದಂತೆ ಕಪ್ಪು ಗೆರೆಗಳ ಅಟ್ಟಿ ಕಂಡರೆ ಅದು ಕ್ಲೋರೋಪ್ಲಾಸ್ಟ್. ಆ ಅಟ್ಟಿಯೇ ಗ್ರಾನ. ನಡುವೆ ದೊಡ್ಡ ಬಿಳಿ ಮಚ್ಚೆ ಇದ್ದರೆ ಅದು ಪಿಷ್ಟದ ಕಾಳು, ತೂತಲ್ಲ.

ಮೈಟೊಕಾಂಡ್ರಿಯದಲ್ಲಿ ಅಟ್ಟಿ ಇರಲ್ಲ. ಒಳಪೊರೆಯೇ ಅಂಚಿನಿಂದ ಮಡಚಿಕೊಂಡು ಒಳಗೆ ಚಾಚಿರುತ್ತದೆ. ಅದು ಚಿಕ್ಕದು ಕೂಡ: ಅಗಲ ಸಾಮಾನ್ಯವಾಗಿ 0.5ರಿಂದ 1 ಮೈಕ್ರೋಮೀಟರ್. ಕ್ಲೋರೋಪ್ಲಾಸ್ಟ್ ಉದ್ದ ಸುಮಾರು 5. ಮೂಲೆಯ ಅಳತೆಗೆರೆ ನೋಡಿದರೆ ಗೊತ್ತಾಗುತ್ತದೆ.

ಆಕಾರ ಯಾಕೆ ಮೋಸ ಮಾಡುತ್ತೆ ಅಂದರೆ, ನೀವು ನೋಡುತ್ತಿರುವುದು ಸುಮಾರು 70 ನ್ಯಾನೋಮೀಟರ್ ದಪ್ಪದ ಒಂದು ಹೋಳು ಮಾತ್ರ. ಸೌತೆಕಾಯಿಯನ್ನು ಅಡ್ಡ ಕೊಯ್ದರೆ ದುಂಡು, ಉದ್ದಕ್ಕೆ ಸೀಳಿದರೆ ಉದ್ದ, ಅಲ್ವಾ? ಮೈಟೊಕಾಂಡ್ರಿಯವೂ ಹಾಗೇ. ಊದಿಕೊಂಡು ಒಳಗೆ ಬೆಳ್ಳಗೆ ಖಾಲಿ ಕಂಡರೆ, ಎಲೆಯ ಚೂರನ್ನು ರಾಸಾಯನಿಕದಲ್ಲಿ ಕೆಡದಂತೆ ಸರಿಯಾಗಿ ಹಿಡಿದಿಟ್ಟಿಲ್ಲ ಅಂತ ಅನುಮಾನಿಸಿ.

ಬಣ್ಣದ ಚಿತ್ರ ಕಂಡರೆ, ಅದು ಆಮೇಲೆ ಹಚ್ಚಿದ ಬಣ್ಣ. ಅಸಲಿ ಚಿತ್ರ ಕಪ್ಪು-ಬಿಳುಪು. ಎಲೆಯ ಚೂರನ್ನು ಸಿದ್ಧಮಾಡುವಾಗ ಹಾಕುವ ಆಸ್ಮಿಯಮ್, ಸೀಸದಂಥ ಭಾರ ಲೋಹಗಳು ಜಾಸ್ತಿ ಅಂಟಿದ ಕಡೆ ಕಪ್ಪು.