ಆಫೀಸಿಗೆ ಬೀಗ ಹಾಕುವ ಮೊದಲು ಪೋರ್ಟಲ್‌ನ ಮೊಬೈಲ್ ನಂಬರ್ ನೋಡಿ

ಪ್ರಶ್ನೆ: ದಾವಣಗೆರೆಯಲ್ಲಿ 34 ವರ್ಷದಿಂದ ಒಬ್ಬನೇ ಸಿಎ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಮಕ್ಕಳು ಈ ಕಸುಬಿಗೆ ಬರಲಿಲ್ಲ. ಬರುವ ಮಾರ್ಚ್ 31ಕ್ಕೆ ಆಫೀಸ್ ಮುಚ್ಚಬೇಕೆಂದಿದ್ದೇನೆ. ಸುಮಾರು 150 ಪಾರ್ಟಿಗಳಿದ್ದಾರೆ, ಎರಡು ಪ್ರೈವೇಟ್ ಲಿಮಿಟೆಡ್ ಕಂಪನಿಗಳೂ ಇವೆ. ಎಲ್ಲ ಫೈಲನ್ನೂ ಪಕ್ಕದ ಬೀದಿಯ ಗೆಳೆಯ ಸಿಎ ಒಬ್ಬರಿಗೆ ಒಪ್ಪಿಸಿ, ಪಾರ್ಟಿಗಳಿಗೆ ವಾಟ್ಸ್‌ಆ್ಯಪ್ ಮೆಸೇಜ್ ಹಾಕಿದರೆ ಸಾಕಲ್ವಾ?

ಉತ್ತರ: ಸಾಲದು ಸರ್. ಪಾರ್ಟಿಯ ಒಪ್ಪಿಗೆ ಇಲ್ಲದೆ ಅವರ ಲೆಕ್ಕಪತ್ರವನ್ನು ಇನ್ನೊಬ್ಬರ ಕೈಗೆ ಕೊಡುವುದು ನಮ್ಮ 1949ರ ಸಿಎ ಕಾಯ್ದೆಯ ಪ್ರಕಾರ ದುರ್ನಡತೆ. ತಗೊಳ್ಳುವವರು ಎಷ್ಟೇ ಆಪ್ತರಾಗಿರಲಿ. ಇನ್ನೂ ಒಂದು ತೊಡಕಿದೆ. ಒಬ್ಬ ಸಿಎ ವರ್ಷಕ್ಕೆ 60 ಟ್ಯಾಕ್ಸ್ ಆಡಿಟ್ ಮಾತ್ರ ಮಾಡಬಹುದು. ನಿಮ್ಮ ಗೆಳೆಯರ ಹತ್ತಿರ ಈಗಾಗಲೇ 45 ಇದ್ದರೆ ನಿಮ್ಮ ಪೈಕಿ 15ಕ್ಕಿಂತ ಜಾಸ್ತಿ ಅವರು ಮುಟ್ಟುವಂತಿಲ್ಲ. ಮೊದಲು ಅವರನ್ನೇ ಕೇಳಿ, ಎಷ್ಟು ಖಾಲಿ ಇದೆ ಅಂತ.

ಪತ್ರವನ್ನು ಜನವರಿ ಮೊದಲ ವಾರ ಕಳಿಸಿ. ಡಿಸೆಂಬರ್ 31ರ ಜಿಎಸ್‌ಟಿ ವಾರ್ಷಿಕ ರಿಟರ್ನ್ ಗಲಾಟೆ ಮುಗಿದಿರುತ್ತದೆ, ಪಾರ್ಟಿಗಳಿಗೆ ಓದಲು ಪುರುಸೊತ್ತು ಇರುತ್ತದೆ. ಕಾಗದದ ಪತ್ರವೇ ಇರಲಿ, ಜೊತೆಗೆ ಇಮೇಲ್. ವಾಟ್ಸ್‌ಆ್ಯಪ್ ಬೇಕಾದರೆ ನೆನಪು ಮಾಡಲು ಇಟ್ಟುಕೊಳ್ಳಿ. ಉದ್ದ ಬೇಡ, ಇಷ್ಟು ಸಾಕು:

"ಮಾರ್ಚ್ 31ರಂದು ನಾನು ಪ್ರಾಕ್ಟೀಸ್ ನಿಲ್ಲಿಸುತ್ತಿದ್ದೇನೆ. ಫೆಬ್ರವರಿ ತಿಂಗಳವರೆಗಿನ ನಿಮ್ಮ ಜಿಎಸ್‌ಟಿ ರಿಟರ್ನ್ ನನ್ನ ಆಫೀಸಿನಿಂದಲೇ ಆಗುತ್ತದೆ. ಈ ವರ್ಷದ ಆಡಿಟ್ ಮತ್ತು ಆದಾಯ ತೆರಿಗೆ ರಿಟರ್ನ್ ನಾನು ಮಾಡುವುದಿಲ್ಲ, ಹೊಸ ಆಡಿಟರ್ ನೋಡಿಕೊಳ್ಳಬೇಕು. ನಿಮ್ಮ ಫೈಲನ್ನು ನೀವೇ ಒಯ್ಯುತ್ತೀರೋ, ನೀವು ಹೆಸರಿಸಿದ ಆಡಿಟರಿಗೆ ಕೊಡಬೇಕೋ, ಕೆಳಗಿನ ಚೀಟಿಯಲ್ಲಿ ಬರೆದು ಸಹಿ ಹಾಕಿ ಫೆಬ್ರವರಿ 15ರೊಳಗೆ ತಲುಪಿಸಿ."

ಎರಡನೇ ಮತ್ತು ಮೂರನೇ ವಾಕ್ಯ ಬಿಡಬೇಡಿ. ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಅದರ ಆಡಿಟ್ ನಡೆಯುವುದು ಆಮೇಲೆ. "ಈ ವರ್ಷದ್ದು ಹೇಗೂ ಹಳೇ ಆಡಿಟರೇ ಮುಗಿಸಿ ಹೋಗಿರ್ತಾರೆ" ಅಂದುಕೊಂಡು ಸೆಪ್ಟೆಂಬರ್‌ವರೆಗೆ ಸುಮ್ನೆ ಕೂತ ಪಾರ್ಟಿಗಳನ್ನು ನಾನು ನೋಡಿದ್ದೇನೆ. ಗೆಳೆಯರ ಹೆಸರನ್ನು ಸೂಚಿಸಬಹುದು, ಆದರೆ ಆಯ್ಕೆ ಪಾರ್ಟಿಯದೇ ಎಂದು ಸ್ಪಷ್ಟವಾಗಿ ಬರೆಯಿರಿ.

ಇನ್ನು ಮುಖ್ಯ ವಿಷಯ. ನೀವು ಕಪಾಟಿನಲ್ಲಿರುವ ಫೈಲಿನ ಬಗ್ಗೆ ಕೇಳಿದ್ದೀರಿ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ನಿಮ್ಮ ಆಫೀಸಿನ ಮೊಬೈಲಿನ ಬಗ್ಗೆ.

ಕೆಲವು ವರ್ಷಗಳ ಹಿಂದೆ ಒಂದು ಅಡಿಕೆ ಮಂಡಿಯ ಕೆಲಸ ನನ್ನ ಬಳಿ ಬಂತು. ಹಳೆಯ ಆಡಿಟರ್ ನಿವೃತ್ತರಾಗಿದ್ದರು. ಫೈಲುಗಳನ್ನು ದಾರ ಕಟ್ಟಿ, ವರ್ಷವಾರು ಜೋಡಿಸಿ, ಅಚ್ಚುಕಟ್ಟಾಗಿ ಮಾಲೀಕರಿಗೆ ಒಪ್ಪಿಸಿದ್ದರು. ಆದರೆ ಜಿಎಸ್‌ಟಿ ನೋಂದಣಿ ಮಾಡಿಸಿದ ದಿನ ಆಫೀಸಿನ ಹುಡುಗನೊಬ್ಬ ತನ್ನ ನಂಬರನ್ನೂ ಆಫೀಸಿನ ಇಮೇಲನ್ನೂ ಕೊಟ್ಟಿದ್ದ. ಆಗ ಅದು ಸುಲಭ, ಒಟಿಪಿಗೆ ಪದೇ ಪದೇ ಮಂಡಿಗೆ ಫೋನ್ ಮಾಡಬೇಕಿಲ್ಲ. ಆಫೀಸ್ ಮುಚ್ಚಿತು, ಹುಡುಗ ಬೆಂಗಳೂರಿಗೆ ಹೋದ, ನಂಬರ್ ಬದಲಾಯಿತು. ಆಮೇಲೆ ಇಲಾಖೆಯ ಶೋಕಾಸ್ ನೋಟಿಸ್ ಆ ಇಮೇಲಿಗೆ ಬಂತು. ತೆರೆಯುವವರು ಯಾರೂ ಇರಲಿಲ್ಲ. ಉತ್ತರದ ಗಡುವು ದಾಟಿತು, ಆದೇಶವೂ ಆಯಿತು. ಮಾಲೀಕರಿಗೆ ತಿಳಿದದ್ದು ವಸೂಲಿಗೆ ಫೋನ್ ಬಂದಾಗ. ಗುರುತಿನ ದಾಖಲೆ ಹಿಡಿದು ಜಿಎಸ್‌ಟಿ ಅಧಿಕಾರಿಯ ಬಳಿ ಹೋಗಿ ನಂಬರ್ ಬದಲಿಸಿಕೊಂಡು, ಹೊಸ ಪಾಸ್‌ವರ್ಡ್ ಪಡೆದು ಪೋರ್ಟಲ್ ತೆರೆಯಬೇಕಾಯಿತು. ಅಪೀಲಿನ ಮೂರು ತಿಂಗಳ ಗಡುವಿನಲ್ಲಿ ಹನ್ನೆರಡು ದಿನ ಉಳಿದಿತ್ತು. ತಕರಾರಿನ ತೆರಿಗೆಯ ಶೇ 10ರಷ್ಟು ಮೊದಲೇ ಕಟ್ಟಿ ಅಪೀಲು ಹಾಕಿದೆವು.

ಆದ್ದರಿಂದ 150 ಪಾರ್ಟಿಗಳ ಪಟ್ಟಿ ಹಿಡಿದು ಒಬ್ಬೊಬ್ಬರ ಲಾಗಿನ್‌ನಲ್ಲೂ ನೋಡಿ: ಯಾರ ನಂಬರ್ ಇದೆ, ಯಾರ ಇಮೇಲ್ ಇದೆ? ನಿಮ್ಮದಿದ್ದರೆ ನಿಮ್ಮ ಸಿಮ್ ಜೀವಂತ ಇರುವಾಗಲೇ ಬದಲಿಸಬೇಕು, ಏಕೆಂದರೆ ಇವಿಸಿ ಮೂಲಕ ಸಲ್ಲಿಸುವಾಗ ಒಟಿಪಿ ಹಳೆಯ ನಂಬರಿಗೇ ಬರಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ `Amendment of Registration Non-Core Fields` ಎಂಬಲ್ಲಿ ಅಧಿಕೃತ ಸಹಿದಾರರ ವಿವರ ತಿದ್ದಬಹುದು, ಅದಕ್ಕೆ ಅಧಿಕಾರಿಯ ಅನುಮತಿ ಬೇಕಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ `My Profile` ತೆರೆದು ಸಂಪರ್ಕ ವಿವರ ಬದಲಿಸಿ. ಅಲ್ಲೇ `My Chartered Accountant(s)` ಪಟ್ಟಿಯಿಂದ ನಿಮ್ಮ ಹೆಸರನ್ನು ಪಾರ್ಟಿ ತೆಗೆದು ಹೊಸಬರನ್ನು ಸೇರಿಸಬೇಕು. `e-Proceedings`ನಲ್ಲಿ ಬಾಕಿ ನೋಟಿಸ್ ಏನಾದರೂ ಕಂಡರೆ ಪಾರ್ಟಿಗೆ ಬಾಯಲ್ಲಿ ಹೇಳಿ ಬಿಡಬೇಡಿ, ಗಡುವಿನ ದಿನಾಂಕ ಹಾಕಿ ಬರೆದು ಕೊಡಿ. ನಿಮ್ಮ ಆಫೀಸಿನ ಇಮೇಲನ್ನು ಕನಿಷ್ಠ ಒಂದು ವರ್ಷ ನೀವೇ ವಾರಕ್ಕೊಮ್ಮೆ ನೋಡುತ್ತಿರಿ. ಎಷ್ಟೇ ಹುಡುಕಿದರೂ ಒಂದೆರಡು ಕಡೆ ಅದು ಉಳಿದೇ ಇರುತ್ತದೆ.

ಮೇಜಿನ ಡ್ರಾಯರ್‌ನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಡಿಎಸ್‌ಸಿ ಟೋಕನ್‌ಗಳ ಗೊಂಚಲು ಇದೆ ಅಲ್ವಾ? ಅವು ಪಾರ್ಟಿಗಳ ಸಹಿ. ಒಂದೊಂದನ್ನೂ ಅದರ ಒಡೆಯರಿಗೇ ಕೊಟ್ಟು ಸಹಿ ಪಡೆಯಿರಿ, ಹೊಸ ಆಡಿಟರಿಗೆ ನೀವಾಗಿ ಕೊಡಬೇಡಿ.

ಕಾಗದದ ವಿಷಯಕ್ಕೆ ಬಂದರೆ, ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಲುದಾರಿಕೆ ಪತ್ರ, ಟ್ಯಾಲಿ ಡೇಟಾ ಎಲ್ಲ ಪಾರ್ಟಿಯವು, ವಾಪಸ್ ಹೋಗಬೇಕು. ಟ್ಯಾಲಿ ಬ್ಯಾಕಪ್ ಕೊಡುವಾಗ ಪಾಸ್‌ವರ್ಡ್ ಸಮೇತ ಕೊಡಿ, ಅವರ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ತೋರಿಸಿ. ಬ್ಯಾಂಕ್ ಸಾಲಕ್ಕೆಂದು ತಂದುಕೊಟ್ಟ ಜಮೀನಿನ ಅಸಲಿ ಪತ್ರಗಳು ಹಳೆಯ ಫೈಲಿನ ತಳದಲ್ಲಿ ಇರುವುದುಂಟು, ಒಂದೊಂದು ಹಾಳೆಯನ್ನೂ ತಿರುವಿ ನೋಡಿ. ಆದರೆ ನೀವು ಆಡಿಟ್ ಮಾಡುವಾಗ ಬರೆದುಕೊಂಡ ವರ್ಕಿಂಗ್ ಪೇಪರ್ ನಿಮ್ಮವು. ಅವನ್ನು ಕೊಡಬೇಕಾಗಿಲ್ಲ, ಆಡಿಟ್ ವರದಿಯ ದಿನದಿಂದ ಕನಿಷ್ಠ ಏಳು ವರ್ಷ ನೀವೇ ಇಟ್ಟುಕೊಳ್ಳಬೇಕು. ಅಂದರೆ ಒಂದು ಕಪಾಟು ನಿಮ್ಮ ಮನೆಗೆ ಬರುತ್ತದೆ, ಮನೆಯವರಿಗೆ ಈಗಲೇ ಹೇಳಿಡಿ. ಪತ್ರಕ್ಕೆ ಉತ್ತರವೇ ಬಾರದ ಪಾರ್ಟಿಗಳಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಇನ್ನೊಮ್ಮೆ ಬರೆಯಿರಿ, ಅವರ ಅಸಲಿ ಕಾಗದಗಳನ್ನು ರದ್ದಿಗೆ ಹಾಕಬೇಡಿ.

ಎರಡು ಕಂಪನಿಗಳ ಕಥೆ ಬೇರೆ. ಅವಧಿ ಮುಗಿಯುವ ಮೊದಲೇ ಬಿಡುತ್ತೀರಾದರೆ ರಾಜೀನಾಮೆ ಕೊಟ್ಟ 30 ದಿನದೊಳಗೆ ನೀವೇ `ADT-3` ಸಲ್ಲಿಸಬೇಕು. ಅದು ಕಂಪನಿಯ ಕೆಲಸ ಅಂದುಕೊಂಡು ತಪ್ಪುವವರೇ ಹೆಚ್ಚು. ಹೊಸ ಆಡಿಟರನ್ನು ಬೋರ್ಡ್ 30 ದಿನದಲ್ಲಿ ನೇಮಿಸಬಹುದು, ಆದರೆ ರಾಜೀನಾಮೆಯಿಂದ ಖಾಲಿಯಾದ ಜಾಗವಾದ್ದರಿಂದ ಮೂರು ತಿಂಗಳಲ್ಲಿ ಷೇರುದಾರರ ಸಭೆಯೂ ಒಪ್ಪಬೇಕು. ಇದನ್ನು ಆ ಎರಡು ಪತ್ರಗಳಲ್ಲಿ ಪ್ರತ್ಯೇಕವಾಗಿ ಬರೆಯಿರಿ.

ಕೊನೆಯದಾಗಿ, ಎಲ್ಲ ಪತ್ರದ ಕೆಳಗೂ ಮಾರ್ಚ್ ನಂತರ ನಿಮಗೆ ಟಪಾಲು ತಲುಪುವ ಮನೆ ವಿಳಾಸ ಹಾಕಿ. ಆಡಿಟ್ ಒಪ್ಪಿಕೊಳ್ಳುವ ಮೊದಲು ಹೊಸ ಆಡಿಟರ್ ಹಿಂದಿನವರಿಗೆ ಲಿಖಿತವಾಗಿ ತಿಳಿಸಲೇಬೇಕು, ನಾವು ರೂಢಿಯಲ್ಲಿ ಎನ್‌ಒಸಿ ಅನ್ನುತ್ತೇವಲ್ಲ, ಅದು. ಆ ಪತ್ರ ಬೀಗ ಹಾಕಿದ ಆಫೀಸಿಗೆ ಹೋಗಿ ವಾಪಸ್ ಬಂದರೆ ನಿಮ್ಮ ಪಾರ್ಟಿಯ ಕೆಲಸ ಅಲ್ಲೇ ನಿಲ್ಲುತ್ತದೆ.