ಕಂಟ್ರೋಲ್ ಪ್ಲೇಟಲ್ಲೂ ಬ್ಯಾಕ್ಟೀರಿಯಾ ಬಂದ್ರೆ

"ತುಮಕೂರಲ್ಲಿ ಎಂಎಸ್ಸಿ ಓದ್ತಿದೀನಿ. ಹೀಟ್ ಶಾಕ್ ಮಾಡಿದ್ವಿ, ಪ್ಲಾಸ್ಮಿಡ್ ಹಾಕದ ಪ್ಲೇಟಲ್ಲೂ ಫುಲ್ ಬೆಳೆದಿದೆ, ಎಲ್ಲಿ ತಪ್ಪಾಯ್ತು?"

ಆ ಪ್ಲೇಟಲ್ಲಿ ಆ್ಯಂಪಿಸಿಲಿನ್ ಇತ್ತು ಅಂದ್ರೆ ಮೊದಲ ಅನುಮಾನ ಅದರ ಮೇಲೇ. ಪ್ಲಾಸ್ಮಿಡ್ ಇಲ್ಲದ ಸೆಲ್ಸ್ ಅಲ್ಲಿ ಸಾಯ್ಲೇಬೇಕು, ಸತ್ತಿಲ್ಲ ಅಂದ್ರೆ ಔಷಧಿ ಕೆಲಸ ಮಾಡ್ತಿಲ್ಲ. ಅಗರ್ ಸುಡ್ತಿರುವಾಗ್ಲೇ ಆ್ಯಂಪಿಸಿಲಿನ್ ಸುರಿದ್ರಾ? ಬಿಸಿಗೆ ಅದು ಕೆಟ್ಟೋಗತ್ತೆ. ಕೋಲಾರದಲ್ಲಿ ನಾವು ಓದೋವಾಗ ಅದೇ ಮಾಡಿದ್ವಿ, ಎರಡು ಪ್ಲೇಟೂ ಒಂದೇ ಥರ ಬೆಳ್ಳಗೆ ಹಾಲಿನ ಕೆನೆ ಕಟ್ಟಿದಂಗೆ ಬಂದಿತ್ತು. ಬಾಟ್ಲಿನ ಬರಿಗೈಲಿ ಹಿಡ್ಕೊಳ್ಳೋಷ್ಟು, ಅಂದ್ರೆ ಸುಮಾರು 50 ಡಿಗ್ರಿಗೆ ಆರಿದ ಮೇಲೇ ಆ್ಯಂಪಿಸಿಲಿನ್ ಹಾಕಿ.

ಮತ್ತೆ ಮಾಡುವಾಗ 50 ಮೈಕ್ರೋಲೀಟರ್ ಕಾಂಪಿಟೆಂಟ್ ಸೆಲ್ಸ್‌ನ ಐಸಲ್ಲೇ ಕರಗಿಸಿ 1 ಮೈಕ್ರೋಲೀಟರ್ ಪ್ಲಾಸ್ಮಿಡ್ ಹಾಕಿ, ಅರ್ಧ ಗಂಟೆ ಐಸಲ್ಲಿಟ್ಟು, 42 ಡಿಗ್ರಿ ನೀರಲ್ಲಿ 45 ಸೆಕೆಂಡ್ ಇಟ್ಟು ತಕ್ಷಣ ವಾಪಸ್ ಐಸಿಗೆ. ಕ್ಯಾಲ್ಸಿಯಂ ಇರೋದ್ರಿಂದ ಡಿಎನ್ಎ ಸೆಲ್ ಹತ್ರ ಅಂಟ್ಕೊಂಡಿರತ್ತೆ, ದಿಢೀರ್ ಬಿಸಿಗೆ ಒಳಗೆ ಹೋಗತ್ತೆ. ಆಮೇಲೆ ಔಷಧಿ ಇಲ್ಲದ ಎಲ್‌ಬಿಲಿ 37 ಡಿಗ್ರಿಗೆ ಒಂದು ಗಂಟೆ ಬಿಡಿ, ಪ್ಲಾಸ್ಮಿಡ್‌ನಲ್ಲಿರೋ ಜೀನಿಂದ ಆ್ಯಂಪಿಸಿಲಿನ್ ಒಡೆಯೋ ಎಂಜೈಮ್ ತಯಾರಾಗೋಕೆ ಆ ಟೈಮ್ ಬೇಕು.

ಪ್ಲಾಸ್ಮಿಡ್ ಇಲ್ಲದ ಟ್ಯೂಬನ್ನೂ ಇದೇ ಥರ ನಡೆಸಿ ಎರಡು ಪ್ಲೇಟಿಗೆ ಹಾಕಿ: ಬರೀ ಎಲ್‌ಬಿಲಿ ತುಂಬ ಬೆಳೆದ್ರೆ ಸೆಲ್ಸ್ ಬಿಸಿಗೆ ಸತ್ತಿಲ್ಲ ಅಂತ, ಆ್ಯಂಪಿಸಿಲಿನ್‌ದು ಖಾಲಿ ಇದ್ರೆ ಔಷಧಿ ಸರಿ ಇದೆ ಅಂತ. ಇವೆರಡೂ ಸರಿಯಿದ್ರೆ ಮಾತ್ರ ಪ್ಲಾಸ್ಮಿಡ್ ಪ್ಲೇಟಿನ ಕಾಲೊನಿ ಎಣಿಸಿ. ಹಾ, ಕಾಲೊನಿ ಸುತ್ತ ಪುಟ್ಟ ಪುಟ್ಟ ಚುಕ್ಕಿ ಕಂಡ್ರೆ ಅವನ್ನ ಎತ್ಕೋಬೇಡಿ, ಪಕ್ಕದ ಕಾಲೊನಿ ಆ್ಯಂಪಿಸಿಲಿನ್ ಒಡೆದು ಹಾಕಿದ್ದಕ್ಕೆ ಬದುಕಿರೋ ಪ್ಲಾಸ್ಮಿಡ್ ಇಲ್ಲದವು ಅವು. ಪ್ಲೇಟನ್ನ 16-18 ಗಂಟೆಗೇ ತೆಗೆದು ಫ್ರಿಜ್ಜಿಗೆ ಇಡಿ.